‘ನೀಡ್‌ಫುಲ್’ ಮಾಡಿ ಎಂದರೆ ಏನು ಮಾಡಬೇಕು?

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಿರಿಯರು, ಅಕ್ಕಂದಿರು, ನನ್ನ ಹಾಗೆ ಹಿಂಜವಡಿಯ ಟ್ರಾಫಿಕ್‌ನಲ್ಲಿ ಅರ್ಧ ಆಯುಷ್ಯ ಕಳೆಯುತ್ತಿರುವ ಗೆಳತಿಯರು, ಎಲ್ಲರೂ ಇಲ್ಲಿದ್ದೀರಿ. ‘ಆಫೀಸಿನ ಇಂಗ್ಲಿಷ್ ಬಗ್ಗೆ ಏನಾದರೂ ಹೇಳಮ್ಮ’ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಾನೇ ಬರೆದ ಒಂದು ಈಮೇಲ್. ಅದರ ಕಥೆಯಿಂದಲೇ ಶುರು ಮಾಡುತ್ತೇನೆ.

ಅದು ಜುಲೈ ತಿಂಗಳು. ನಮ್ಮ ತಂಡ ಮೂರು ದಿನ ಕೂತು ಬರೆದ ಕೋಡ್ ಅನ್ನು ಮುಖ್ಯ ಪ್ರತಿಗೆ ಸೇರಿಸಿದ್ದೆವು. ಟೆಸ್ಟಿಂಗ್‌ನಲ್ಲಿ ಒಂದು ಕಡೆ ದೋಷ ಕಾಣಿಸಿತು. ಅದು ನಮ್ಮದೋ, ಜರ್ಮನಿಯ ತಂಡದ್ದೋ ತಿಳಿಯಲಿಲ್ಲ. ಸಂಜೆ ಆರೂವರೆಗೆ, ಬಸ್ ತಪ್ಪುವ ಗಡಿಬಿಡಿಯಲ್ಲಿ, ಅಲ್ಲಿನ ಸಹೋದ್ಯೋಗಿಗೆ ಲಾಗ್ ಫೈಲ್ ಲಗತ್ತಿಸಿ ಹೀಗೆ ಬರೆದೆ: ‘ಪ್ಲೀಸ್ ಫೈಂಡ್ ಅಟ್ಯಾಚ್ಡ್ ದ ಲಾಗ್ಸ್. ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ರಿವರ್ಟ್ ಅಟ್ ದ ಅರ್ಲಿಯೆಸ್ಟ್.’

ನನ್ನ ಮನಸ್ಸಿನಲ್ಲಿದ್ದದ್ದು, ‘ನೋಡಿ, ಉತ್ತರ ಬರೆಯಿರಿ’ ಎಂದಷ್ಟೇ. ಅಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ. ಪಾಪ, ಆತ ಓದಿದ, ತಕ್ಷಣ ಕೆಲಸಕ್ಕೆ ಇಳಿದ. ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಮೂರು ದಿನದ ಕೆಲಸ ಮುಖ್ಯ ಪ್ರತಿಯಲ್ಲಿ ಇರಲೇ ಇಲ್ಲ!

ಏನಾಗಿತ್ತೆಂದರೆ, ನಾವು ಕೋಡ್ ಇಡುವ ಗಿಟ್ ಎಂಬ ವ್ಯವಸ್ಥೆಯಲ್ಲಿ `git revert` ಎಂಬ ಆಜ್ಞೆಯೇ ಇದೆ. ಸೇರಿಸಿದ ಬದಲಾವಣೆಯನ್ನು ಅದು ಹಿಂದಕ್ಕೆ ತೆಗೆಯುತ್ತದೆ. ಹಾಕಿದ ಹೊಲಿಗೆಯನ್ನು ಬಿಚ್ಚಿದ ಹಾಗೆ ಅಂದುಕೊಳ್ಳಿ. ತಂತ್ರಾಂಶದವರಿಗೆ ‘ರಿವರ್ಟ್’ ಎಂದರೆ ಮೊದಲು ಹೊಳೆಯುವುದು ಅದೇ. ದೋಷದ ಲಾಗ್ ಇದೆ, ‘ಅಗತ್ಯವಾದದ್ದನ್ನು ಮಾಡಿ’ ಎಂದಿದೆ, ಜೊತೆಗೆ ‘ರಿವರ್ಟ್’ ಎಂದಿದೆ, ಅದೂ ಬೇಗ. ಆತ ಓದಿದ ರೀತಿಯಲ್ಲಿ ಒಂದು ತಪ್ಪೂ ಇಲ್ಲ. ಪುಣ್ಯಕ್ಕೆ ಈ ಆಜ್ಞೆ ಹಳೆಯದನ್ನು ಅಳಿಸಿಹಾಕುವುದಿಲ್ಲ, ರದ್ದು ಮಾಡಿದ್ದನ್ನೇ ಮತ್ತೆ ರದ್ದು ಮಾಡಿ ಅರ್ಧ ಗಂಟೆಯಲ್ಲಿ ಕೋಡ್ ವಾಪಸ್ ತಂದೆವು. ಆದರೆ ಆ ರಾತ್ರಿ ನಡೆದ ಪರೀಕ್ಷೆಯೆಲ್ಲ ನಮ್ಮ ಕೋಡ್ ಇಲ್ಲದ ಪ್ರತಿಯ ಮೇಲೆ ನಡೆದಿತ್ತು. ಒಂದು ಪೂರ್ತಿ ದಿನ ಹೋಯಿತು. ಬೈಸಿಕೊಂಡದ್ದು ಮಾತ್ರ ಆತ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಾದರೆ ‘ರಿವರ್ಟ್’ಗೆ ‘ಉತ್ತರಿಸು’ ಎಂಬ ಅರ್ಥ ತಪ್ಪೇ? ತಪ್ಪು ಎನ್ನಲಾರೆ. ಭಾರತದಲ್ಲಿ, ಸಿಂಗಾಪುರ, ಮಲೇಷ್ಯಾಗಳಲ್ಲಿ ಆ ಅರ್ಥದಲ್ಲಿ ದಿನವೂ ಬಳಸುತ್ತಾರೆ. ಆದರೆ ಇಂಗ್ಲೆಂಡ್, ಅಮೆರಿಕದ ಸಾಮಾನ್ಯ ಬಳಕೆಯಲ್ಲಿ ಅದು ‘ಹಿಂದಿನ ಸ್ಥಿತಿಗೆ ಮರಳು’. ಅಲ್ಲಿನ ಕಾನೂನಿನಲ್ಲೂ ಆಸ್ತಿ ಮೊದಲಿನ ಒಡೆಯನಿಗೆ ಮರಳುವುದಕ್ಕೆ ಈ ಪದವಿದೆ. ಹಾಗಾಗಿ ‘ರಿಪ್ಲೈ’ ಅಥವಾ ‘ಲೆಟ್ ಮಿ ನೋ’ ಎಂದರೆ ಎಲ್ಲಿಯವರಿಗೂ ಒಂದೇ ಅರ್ಥ.

ಇನ್ನು ‘ಡು ದ ನೀಡ್‌ಫುಲ್’. ಇದು ನಮ್ಮವರು ಹುಟ್ಟಿಸಿದ ತಪ್ಪು ಇಂಗ್ಲಿಷ್ ಎಂದು ಕೆಲವರು ನಗುತ್ತಾರೆ. ಅಲ್ಲ. ಇದು ಬ್ರಿಟಿಷರ ಹಳೆಯ ಪತ್ರವ್ಯವಹಾರದಲ್ಲೇ ಇದ್ದ ಮಾತು. ಅಲ್ಲಿ ಬಳಕೆ ತಪ್ಪಿಹೋಯಿತು, ನಮ್ಮ ಕಚೇರಿಗಳ ಕಡತಗಳಲ್ಲಿ ಉಳಿಯಿತು. ಉಳಿಯಲು ಇನ್ನೊಂದು ಕಾರಣವೂ ಇದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಭಾಷೆಗಳಲ್ಲಿ ಅದರ ಜೋಡಿ ಮಾತು ಇದ್ದೇ ಇದೆ. ಕನ್ನಡದ ಅರ್ಜಿಯಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎನ್ನುತ್ತೇವೆ. ಇಲ್ಲಿ ಪುಣೆಯಲ್ಲಿ ಸೊಸೈಟಿಗೆ ಪತ್ರ ಬರೆದರೆ ಕೊನೆಗೆ ‘ಯೋಗ್ಯ ತೀ ಕಾರ್ಯವಾಹೀ ಕರಾವೀ’ ಇರಲೇಬೇಕು. ಅದರಲ್ಲಿ ಒಂದು ಮರ್ಯಾದೆಯಿದೆ: ‘ಏನು ಮಾಡಬೇಕೆಂದು ತಮಗೇ ಗೊತ್ತು, ನಾನು ಹೇಳುವವಳಲ್ಲ’ ಎಂಬ ಭಾವ.

ಹೊರದೇಶದ ಸಹೋದ್ಯೋಗಿಗೆ ಆ ಮರ್ಯಾದೆ ತಲುಪುವುದಿಲ್ಲ. ಆತನಿಗೆ ಕಾಣುವುದು, ಏನು ಬೇಕೆಂದು ಹೇಳದೆ ಯೋಚಿಸುವ ಕೆಲಸವನ್ನೂ ತನ್ನ ತಲೆಗೇ ಕಟ್ಟಿದ್ದಾರೆ ಎಂಬುದು. ಮೇಲಿಂದ ‘ಕೈಂಡ್ಲಿ’ ಬೇರೆ. ನಮಗೆ ಅದು ‘ದಯವಿಟ್ಟು’. ಅನೇಕ ಅಮೆರಿಕನ್ನರಿಗೆ, ಬ್ರಿಟಿಷರಿಗೆ ಅದು ತುಸು ಗದರಿದಂತೆ ಕೇಳುತ್ತದೆ, ತಾಳ್ಮೆ ಕೆಟ್ಟ ಟೀಚರ್ ಮಾತಿನ ಹಾಗೆ. ಕನ್ನಡದಲ್ಲಿ ವಿನಯ ಕ್ರಿಯಾಪದದಲ್ಲೇ ಇರುತ್ತದೆ ನೋಡಿ, ‘ಸ್ವಲ್ಪ ನೋಡ್ತೀರಾ?’ ಎಂದರೆ ಸಾಕು, ‘ದಯವಿಟ್ಟು’ ಬೇಕಾಗುವುದು ಬೋರ್ಡ್ ಮೇಲೆ. ಇಂಗ್ಲಿಷ್‌ನಲ್ಲೂ ಹಾಗೇ, ಪ್ರಶ್ನೆಯಾಗಿ ಕೇಳಿದರೆ ವಿನಯ ತಾನಾಗಿ ಬರುತ್ತದೆ: ‘ಕುಡ್ ಯು ಪ್ಲೀಸ್...’

ಆ ಈಮೇಲನ್ನು ಇವತ್ತಾದರೆ ಹೀಗೆ ಬರೆಯುತ್ತೇನೆ: ‘ಕುಡ್ ಯು ಪ್ಲೀಸ್ ಚೆಕ್ ವೆದರ್ ದಿಸ್ ಎರರ್ ಕಮ್ಸ್ ಫ್ರಮ್ ಯುವರ್ ಸೈಡ್? ಎ ಶಾರ್ಟ್ ರಿಪ್ಲೈ ಬೈ ಟ್ಯೂಸ್‌ಡೇ ಟೆನ್ ಎಎಮ್ ಯುವರ್ ಟೈಮ್ ಈಸ್ ಎನಫ್. ಪ್ಲೀಸ್ ಡೋಂಟ್ ಚೇಂಜ್ ದ ಕೋಡ್ ಯೆಟ್.’ ದೋಷ ನಿಮ್ಮ ಕಡೆಯದೇ ನೋಡಿ, ನಿಮ್ಮ ಗಡಿಯಾರದ ಪ್ರಕಾರ ಮಂಗಳವಾರ ಹತ್ತರೊಳಗೆ ಚಿಕ್ಕ ಉತ್ತರ ಸಾಕು, ಕೋಡ್ ಮುಟ್ಟಬೇಡಿ. ‘ಅಟ್ ದ ಅರ್ಲಿಯೆಸ್ಟ್’ ಬದಲು ದಿನ, ಗಂಟೆ ಎರಡೂ ಇವೆ. ಅದೂ ಯಾರ ಗಂಟೆ ಎಂದು ಹೇಳಬೇಕು, ಏಕೆಂದರೆ ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ‘ಎಂಡ್ ಆಫ್ ಡೇ’ ಎಂದು ಬರೆದರೆ ಯಾರ ದಿನದ ಕೊನೆ?

ಒಂದು ಮಾತು, ತೀರಾ ಸುತ್ತಿ ಬಳಸಿಯೂ ಬರೆಯಬೇಡಿ. ‘ನಿಮಗೆ ತೊಂದರೆಯಾಗದಿದ್ದರೆ, ಸಾಧ್ಯವಾದರೆ, ಬಿಡುವಿದ್ದಾಗ’ ಎಂದೆಲ್ಲ ಸೇರಿಸಿದರೆ ‘ಹಾಗಾದರೆ ಅವಸರವಿಲ್ಲ’ ಎಂದು ಬದಿಗಿಡುತ್ತಾರೆ. ನನಗೆ ಅದೂ ಆಗಿದೆ.

ಮೂರನೆಯದು ‘ಐ ಹ್ಯಾವ್ ಎ ಡೌಟ್’. ಇದು ಮೀಟಿಂಗ್‌ನಲ್ಲಿ ಬಾಯಿಂದಲೇ ಬರುವ ಮಾತು, ತಿದ್ದಿಕೊಳ್ಳಲು ಸಮಯವೂ ಸಿಗುವುದಿಲ್ಲ. ಕನ್ನಡದ ‘ಸಂದೇಹ’ದಲ್ಲಿ, ಮರಾಠಿಯ ‘ಶಂಕಾ’ದಲ್ಲಿ ‘ಅರ್ಥವಾಗಲಿಲ್ಲ, ಹೇಳಿಕೊಡಿ’ ಎಂಬುದೂ ಇದೆ, ‘ನಂಬಿಕೆ ಇಲ್ಲ’ ಎಂಬುದೂ ಇದೆ. ಇಂಗ್ಲಿಷ್‌ನವರಿಗೆ ಎರಡನೆಯದು ಮಾತ್ರ ಕೇಳಿಸುತ್ತದೆ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಅಮೆರಿಕದ ಆರ್ಕಿಟೆಕ್ಟ್ ಮುಂದೆ ‘ಐ ಹ್ಯಾವ್ ಎ ಡೌಟ್ ಇನ್ ಯುವರ್ ಡಿಸೈನ್’ ಎಂದಳು. ಆತ ಹತ್ತು ನಿಮಿಷ ತನ್ನ ವಿನ್ಯಾಸವನ್ನು ಸಮರ್ಥಿಸಿಕೊಂಡ. ಅವಳಿಗೆ ಬೇಕಿದ್ದದ್ದು ಚಿತ್ರದಲ್ಲಿನ ಒಂದು ಬಾಣದ ಗುರುತಿನ ಅರ್ಥ! ‘ಐ ಹ್ಯಾವ್ ಎ ಕ್ವೆಶ್ಚನ್’ ಎಂದಿದ್ದರೆ ಅರ್ಧ ನಿಮಿಷದ ಕೆಲಸ.

ಇಷ್ಟೆಲ್ಲ ಹೇಳಿ, ನಾಳೆಯಿಂದ ಎಲ್ಲರ ಪತ್ರ ತಿದ್ದಲು ಹೊರಡಬೇಡಿ. ನಮ್ಮ ಬ್ಯಾಂಕಿಗೆ, ಮುನ್ಸಿಪಾಲಿಟಿಗೆ ‘ನೀಡ್‌ಫುಲ್’ ಚೆನ್ನಾಗಿಯೇ ಅರ್ಥವಾಗುತ್ತದೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದ ನನ್ನ ಅಪ್ಪ ಈಗಲೂ ವಾಟ್ಸ್ಆ್ಯಪ್‌ನಲ್ಲಿ ನನಗೆ ಗ್ಯಾಸ್ ಬುಕ್ಕಿಂಗ್‌ಗೆ ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂದೇ ಬರೆಯುತ್ತಾರೆ, ನಾನು ‘ಆಯ್ತಪ್ಪ’ ಎಂದು ಬುಕ್ ಮಾಡುತ್ತೇನೆ. ಆ ಜರ್ಮನ್ ಸಹೋದ್ಯೋಗಿಗೆ ಮಾತ್ರ ಅದೇ ವಾರ ಕ್ಷಮೆ ಕೇಳಿ ಬರೆದೆ. ಕಳಿಸುವ ಮೊದಲು ಮೂರು ಸಲ ಓದಿದೆ. ಆತನ ಉತ್ತರ ಒಂದೇ ಸಾಲು: ಮುಂದಿನ ಸಲ ರಿವರ್ಟ್ ಮಾಡುವ ಮೊದಲು ನಿಮಗೆ ಫೋನ್ ಮಾಡುತ್ತೇನೆ ಎಂದು. ಯಾವ ರಿವರ್ಟ್ ಎಂದು ನಾನು ಕೇಳಲಿಲ್ಲ.