ಸಿಗ್ನಲ್ ಹುಡುಕುವ ಫೋನು, ಬರಿದಾಗುವ ಬ್ಯಾಟರಿ

ಯಲ್ದೂರಿನ ಸುತ್ತಲಿನ ಮಾವಿನ ತೋಪುಗಳಲ್ಲಿ ಕಾವಲಿಗೆಂದು ರಾತ್ರಿ ತಂಗುವವರ ಫೋನು, ಬಂಡೆಗುಡ್ಡದ ಮರೆಯಲ್ಲಿದ್ದರೆ, ಯಾರೂ ಮುಟ್ಟದೆಯೇ ಬೆಳಗಾಗುವಷ್ಟರಲ್ಲಿ ಬರಿದಾಗಬಹುದು. ಬ್ಯಾಟರಿ ಕೆಟ್ಟಿತೆಂದು ಅದನ್ನು ಎಸೆಯುವ ಮೊದಲು ಕಾರಣವನ್ನು ಅರಿಯುವುದು ಒಳಿತು.

ಸಿಗ್ನಲ್ ಚೆನ್ನಾಗಿರುವಲ್ಲಿ ಫೋನಿನ ರೇಡಿಯೋ ಬಹುಪಾಲು ಹೊತ್ತು ನಿದ್ರಿಸುತ್ತದೆ. ಆಗಾಗ ಕ್ಷಣಮಾತ್ರ ಎದ್ದು ಟವರಿನ ಕರೆಗೆ ಕಿವಿಗೊಟ್ಟು ಮತ್ತೆ ಮಲಗುತ್ತದೆ. ಸಿಗ್ನಲ್ ತಪ್ಪಿದೊಡನೆ ಆ ನಿದ್ರೆಗೆ ಭಂಗ. ತನಗೆ ತಿಳಿದ ತರಂಗಾಂತರಗಳನ್ನೆಲ್ಲ ಅದು ಒಂದೊಂದಾಗಿ ತಡಕತೊಡಗುತ್ತದೆ. ಸಿಗ್ನಲ್ ಬಂದು ಬಂದು ಹೋಗುವ ಜಾಗವಂತೂ ಇನ್ನೂ ಕಷ್ಟದ್ದು. ಸಿಕ್ಕಾಗಲೆಲ್ಲ ಫೋನು ಟವರಿಗೆ ತನ್ನ ಇರವನ್ನು ತಿಳಿಸಬೇಕು, ಅದೂ ಗಟ್ಟಿಯಾಗಿ ಕೂಗಿ. ಟವರಿನ ಸಮೀಪದಲ್ಲಿ ಕೆಲವೇ ಮಿಲಿವ್ಯಾಟ್ ಸಾಕಾಗುವ 4ಜಿ ಫೋನು, ದೂರದ ಅಂಚಿನಲ್ಲಿ ಸುಮಾರು 200 ಮಿಲಿವ್ಯಾಟ್‌ವರೆಗೂ ಏರುತ್ತದೆ.

ದೋಷ ಎಲ್ಲಿದೆಯೆಂದು ನೀವೇ ಪರೀಕ್ಷಿಸಬಹುದು. ಒಂದು ರಾತ್ರಿ 9ಕ್ಕೆ ಬ್ಯಾಟರಿಯ ಶೇಕಡಾವನ್ನು ಬರೆದಿಟ್ಟು, ಬೆಳಿಗ್ಗೆ 6ಕ್ಕೆ ಮತ್ತೆ ನೋಡಿ. ಮರುರಾತ್ರಿ ಅದೇ ಜಾಗದಲ್ಲಿ ಏರೋಪ್ಲೇನ್ ಮೋಡ್ ಹಾಕಿ ಹಾಗೆಯೇ ಅಳೆಯಿರಿ. ಇಳಿಕೆ ಬಹಳ ಕಡಿಮೆಯಾದರೆ ಬ್ಯಾಟರಿ ನಿರ್ದೋಷಿ, ತಿಂದದ್ದು ಹುಡುಕಾಟ. ಎರಡು ರಾತ್ರಿಯೂ ಒಂದೇ ಬಗೆಯಲ್ಲಿ ಇಳಿದರೆ ಬ್ಯಾಟರಿಯನ್ನೋ ಯಾವುದಾದರೂ ಆ್ಯಪನ್ನೋ ಶಂಕಿಸಬೇಕು.

ಆದರೆ ಆ ಮೋಡಿನಲ್ಲಿ ಕರೆ ಬಾರದು. ಮನೆಯಲ್ಲಿ ರೋಗಿಯನ್ನು ಬಿಟ್ಟು ಬಂದವರು ಅದನ್ನು ಬಳಸದೆ, ಫೋನನ್ನು ಸಿಗ್ನಲ್ ನಿಲ್ಲುವ ಎತ್ತರದ ಜಾಗದಲ್ಲಿಟ್ಟು ಅದರ ಪಕ್ಕದಲ್ಲೇ ಮಲಗಲಿ.