ಹನ್ನೊಂದು ಪೇಪರ್, ಅದರಾಗ ಓದಿದ್ದೆಷ್ಟು?

ನಾನು ಬ್ಯಾಡಗಿಯವನು, ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು. ಇವತ್ತು ಒಂದು ವರದಿ ಬರೆದ ಕತೆ ಹೇಳ್ತೀನಿ. ಒಂದು ವಿಶ್ವವಿದ್ಯಾಲಯದವರು ಅಸೋಸಿಯೇಟ್ ಪ್ರೊಫೆಸರ್ ಒಬ್ಬರಿಗೆ ಪ್ರೊಫೆಸರ್ ಬಡ್ತಿ ಕೊಡೋ ಸಮಿತಿಗೆ ನನ್ನನ್ನು ಹೊರಗಿನ ವಿಷಯ ತಜ್ಞ ಅಂತ ಕರೆದಿದ್ದರು. ಊರು, ಹೆಸರು ಹೇಳಲ್ಲ. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೀನಿ.

ಕಡತದ ಜೊತೆ ಬಂದ ಫೋನಿನಲ್ಲಿ ಕೇಳಿದ ಮೊದಲ ಮಾತು: "ಸರ್, ಇವರದ್ದು ಬರೇ ಹನ್ನೊಂದು ಪೇಪರ್. ಹೋದ ಸಲದವರದ್ದು ಮೂವತ್ತರ ಮೇಲಿತ್ತು."

ನಿಯಮ ಏನು ಅಂತ ಮೊದಲು ಹೇಳಿಬಿಡ್ತೀನಿ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಈ ಬಡ್ತಿಗೆ ಕನಿಷ್ಠ ಹತ್ತು ಸಂಶೋಧನಾ ಲೇಖನ ಬೇಕು. ಅದರಲ್ಲಿ ಮೂರು, ಈಗ ಮೌಲ್ಯಮಾಪನ ಮಾಡ್ತಿರೋ ಅವಧಿಯೊಳಗೇ ಪ್ರಕಟ ಆಗಿರಬೇಕು. ಅಂದ್ರೆ ಎಣಿಕೆ ಅನ್ನೋದು ಬಾಗಿಲು. ಅದನ್ನು ನಾನು ಒಬ್ಬನೇ ಕಿತ್ತು ಹಾಕೋಕೆ ಬರಲ್ಲ. ಆದರೆ ಬಾಗಿಲು ದಾಟಿದ ಮೇಲೂ ಎಣಿಸ್ತಾ ಕೂತರೆ ತಜ್ಞ ಯಾಕೆ ಬೇಕು, ಕ್ಯಾಲ್ಕುಲೇಟರ್ ಸಾಕಲ್ಲ?

ಹನ್ನೊಂದರಲ್ಲಿ ಹೆಚ್ಚಿನವು ಮೆಣಸಿನಕಾಯಿ ಮೇಲಿನ ಕೆಲಸ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಬಂತು, ನಿಮಗೆ ಗೊತ್ತಿರಬಹುದು. ಖಾರ ಕಡಿಮೆ, ಬಣ್ಣ ಜಾಸ್ತಿ. ಬೆಲೆ ನಿಲ್ಲೋದೇ ಆ ಬಣ್ಣದ ಮೇಲೆ. ಪ್ರಯೋಗಾಲಯದಲ್ಲಿ ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಬಣ್ಣ ಬಿಟ್ಟ ದ್ರವದ ಮೂಲಕ ಬೆಳಕು ಹಾಯಿಸಿ, 460 ನ್ಯಾನೋಮೀಟರ್‌ನಲ್ಲಿ ಎಷ್ಟು ಹೀರಿಕೊಳ್ತು ಅಂತ ಅಳೀತಾರೆ. ಅದಕ್ಕೆ ಆಸ್ಟಾ ಮೌಲ್ಯ ಅಂತಾರೆ.

ಈಗ ಎರಡು ಪೇಪರ್ ಪಕ್ಕಪಕ್ಕ ಇಟ್ಟು ನೋಡೋಣ.

ಒಂದರಲ್ಲಿ, ಶೀತಲಗೃಹದಲ್ಲಿ ಇಟ್ಟ ಕಾಯಿಯ ಬಣ್ಣ ತಿಂಗಳು ತಿಂಗಳಿಗೆ ಎಷ್ಟು ಇಳೀತದೆ, ಹೊರಗಿನ ಗೋದಾಮಿನಲ್ಲಿ ಎಷ್ಟು ಇಳೀತದೆ ಅನ್ನೋ ಪ್ರಶ್ನೆ. ಬೇರೆ ಬೇರೆ ರೈತರ ಚೀಲ ತಗೊಂಡಿದ್ದಾರೆ. ಪ್ರತಿ ಚೀಲದ ಮೇಲಿಂದ, ನಡುವಿಂದ, ತಳದಿಂದ ಮಾದರಿ ತೆಗೆದಿದ್ದಾರೆ. ತೇವಾಂಶ ಪ್ರತಿ ಸಲ ಅಳೆದಿದ್ದಾರೆ. ಎರಡು ಹಂಗಾಮು, ಸುಮಾರು ಹದಿನೆಂಟು ತಿಂಗಳ ಕೆಲಸ. ಒಂದು ಹಂಗಾಮಿನಲ್ಲಿ ಫಲಿತಾಂಶ ಅಂದುಕೊಂಡ ಹಾಗೆ ಬರಲಿಲ್ಲ ಅಂತಲೂ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ.

ಇನ್ನೊಂದರಲ್ಲೂ ಬಣ್ಣದ್ದೇ ವಿಷಯ. ಪೇಟೆಯಿಂದ ತಂದ ಒಂದು ಕಿಲೋ ಕಾಯಿ. ಪುಡಿ ಮಾಡಿದ್ದಾರೆ, ಅದೇ ಪುಡಿಯನ್ನು ಮೂರು ಸಲ ಅಳೆದಿದ್ದಾರೆ, "ಮೂರು ಪುನರಾವರ್ತನೆ" ಅಂತ ಕೋಷ್ಟಕ ಹಾಕಿದ್ದಾರೆ. ಒಂದೇ ಚೀಲದಿಂದ ಮೂರು ಮುಷ್ಟಿ ತೆಗೆದರೆ ಮೂರು ಚೀಲ ನೋಡಿದ ಹಾಗೆ ಆಗತೈತೇನ್ರಿ? ನಮ್ಮ ಎಪಿಎಂಸಿಯಲ್ಲಿ ಲಾಟು ನೋಡೋ ಯಾವ ಖರೀದಿದಾರನೂ ಒಪ್ಪಲ್ಲ. ಆ ಮೂರು ಅಂಕಿ ಯಂತ್ರ ಸರಿ ಇದೆಯಾ ಅಂತ ಹೇಳ್ತವೆ, ಮೆಣಸಿನಕಾಯಿ ಬಗ್ಗೆ ಏನೂ ಹೇಳಲ್ಲ. ಸಲ್ಲಿಸಿದ ದಿನಾಂಕ, ಸ್ವೀಕರಿಸಿದ ದಿನಾಂಕ ಎರಡೂ ಮೊದಲ ಪುಟದಲ್ಲೇ ಇವೆ. ನಡುವೆ ಐದು ದಿನ. ಐದು ದಿನದಲ್ಲಿ ಇಬ್ಬರು ತಜ್ಞರು ಓದಿ, ಟಿಪ್ಪಣಿ ಬರೆದು, ಲೇಖಕರು ತಿದ್ದಿ ವಾಪಸ್ ಕಳಿಸೋದು ಆಗದ ಮಾತು.

ಎಣಿಸೋ ಪಟ್ಟಿಯಲ್ಲಿ ಇವೆರಡೂ "ಒಂದು, ಒಂದು".

ಮೊದಲು ಇಂಥ ಜರ್ನಲ್ ತಡೆಯೋಕೆ ಯುಜಿಸಿ-ಕೇರ್ ಪಟ್ಟಿ ಅಂತ ಇತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ನಿಲ್ಲಿಸ್ತು. ಜರ್ನಲ್ ಹೇಗಿದೆ ಅಂತ ನೋಡೋ ಹೊಣೆ ಈಗ ಸಂಸ್ಥೆಗಳ ಮೇಲೆ ಬಿದ್ದಿದೆ. ಪಟ್ಟಿ ಇದ್ದಾಗಲೂ ಪೇಪರ್ ಓದೋ ಕೆಲಸ ತಪ್ಪಿರಲಿಲ್ಲ, ಆದರೆ ಪಟ್ಟಿಯಲ್ಲಿ ಹೆಸರು ಸಿಕ್ಕಿದ ಕೂಡಲೇ ಓದೋದು ನಿಂತುಹೋಗ್ತಿತ್ತು.

ಇನ್ನೊಂದು ತಮಾಷೆ, ಅಂಕದ ಲೆಕ್ಕ. 2018ರ ನಿಯಮದಲ್ಲಿ ವಿಜ್ಞಾನದ ಒಂದು ಲೇಖನಕ್ಕೆ 8 ಅಂಕ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಅದಕ್ಕೆ 5ರಿಂದ 30ರ ತನಕ ಸೇರಿಸ್ತಾರೆ. ಲೇಖಕರು ಇಬ್ಬರಿದ್ದರೆ ಒಬ್ಬೊಬ್ಬರಿಗೆ ಒಟ್ಟಿನ 70 ಶೇಕಡಾ. ಇಬ್ಬರಿಗಿಂತ ಹೆಚ್ಚಿದ್ದರೆ ಮುಖ್ಯ ಲೇಖಕರಿಗೆ 70, ಉಳಿದವರಿಗೆ ತಲಾ 30 ಶೇಕಡಾ. ಶೀತಲಗೃಹದ ಪೇಪರ್ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ, ಆದರೆ ಗಟ್ಟಿ ವಿಮರ್ಶೆ ಇರೋ ಜರ್ನಲ್‌ನಲ್ಲಿ ಬಂದಿತ್ತು, ಲೇಖಕರು ಇಬ್ಬರು. 8ಕ್ಕೆ 5 ಸೇರಿಸಿ 13, ಅದರ 70 ಶೇಕಡಾ 9.1. ಇವರದ್ದೇ ಇನ್ನೊಂದು ಪೇಪರ್ ದೊಡ್ಡ ಜರ್ನಲ್‌ನಲ್ಲಿದೆ, ಹದಿನಾಲ್ಕು ಲೇಖಕರು, ಇವರ ಹೆಸರು ನಡುವೆ ಎಲ್ಲೋ. ಪೇಪರ್ ಕೊನೆಯಲ್ಲಿ ಯಾರು ಏನು ಮಾಡಿದರು ಅಂತ ಬರೆದಿರ್ತದಲ್ಲ, ಅಲ್ಲಿ ಇವರ ಪಾಲು ಬೀಜದ ಮಾದರಿ ಒದಗಿಸಿದ್ದು. 8ಕ್ಕೆ 25 ಸೇರಿಸಿ 33, ಅದರ 30 ಶೇಕಡಾ 9.9. ಬೀಜ ಕಳಿಸಿದ್ದಕ್ಕೆ ಹದಿನೆಂಟು ತಿಂಗಳ ದುಡಿಮೆಗಿಂತ ಜಾಸ್ತಿ!

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದ್ರೆ ಆ ಜರ್ನಲ್‌ನ ಹಿಂದಿನ ಎರಡು ವರ್ಷದ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅನ್ನೋ ಅಂಕಿ. ಕೆಲವೇ ಲೇಖನ ಆ ಸರಾಸರಿ ಎತ್ತಿ ಹಿಡಿದಿರ್ತವೆ. ನಿಮ್ಮ ಓಣಿಯ ಸರಾಸರಿ ಆದಾಯ ನೋಡಿ ನಿಮಗೆ ಸಾಲ ಕೊಟ್ಟ ಹಾಗೆ. ಒಂದೊಂದು ಲೇಖನವನ್ನು, ವ್ಯಕ್ತಿಯನ್ನು ಇದರಿಂದ ಅಳೀಬೇಡಿ ಅಂತ 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನ ಸಂಪಾದಕರು ಡೋರಾ ಅನ್ನೋ ಘೋಷಣೆ ಸಿದ್ಧ ಮಾಡಿದ್ದರು.

ಸರಿ, ವರದಿ ಬರೆಯೋಕೆ ಕೂತೆ. ಇಲ್ಲೇ ಕೈ ನಿಂತಿದ್ದು. ಐದು ದಿನದ ಪೇಪರ್ ಹೊಡೆದು ಹಾಕಿದರೆ ಹತ್ತು ಉಳೀತವೆ. ಅವಧಿಯೊಳಗಿನ ನಾಲ್ಕರಲ್ಲಿ ಮೂರು. ಸರಿಯಾಗಿ ಗೆರೆ ಮೇಲೆ. ಆದರೆ ಉಳಿದದ್ದರಲ್ಲಿ ಎರಡು ಪೇಪರ್ ಒಂದೇ ಹೊಲದ ಪ್ರಯೋಗದಿಂದ ಬಂದಿದ್ದವು. ಒಂದೇ ಕೆಲಸವನ್ನು ತುಂಡು ಮಾಡಿ ಎರಡು ಸಲ ಮಾರಿದ್ದಾರೆ ಅಂತ ನಾನು ಹೇಳಿದರೆ ಒಂಬತ್ತು. ಬಡ್ತಿ ಹೋಯ್ತು.

ಒಂದು ರಾತ್ರಿ ಪೂರ್ತಿ ಆ ಎರಡನ್ನೇ ಓದಿದೆ. ತುಂಡು ಮಾಡಿದ್ದು ಹೇಗೆ ಗೊತ್ತಾಗತೈತಿ ಅಂದ್ರೆ, ಎರಡನೆಯದು ಮೊದಲನೆಯದರ ಹೆಸರೇ ಎತ್ತಿರಲ್ಲ. ಅದೇ ಕೋಷ್ಟಕ ಮತ್ತೆ ಬಂದಿರ್ತದೆ. ಒಂದನ್ನು ಬಿಟ್ಟು ಇನ್ನೊಂದು ಓದಿದರೆ ಪ್ರಶ್ನೆಗೆ ಅರ್ಧ ಉತ್ತರ ಸಿಗ್ತದೆ. ಇಲ್ಲಿ ಹಾಗಿರಲಿಲ್ಲ. ಮೊದಲನೆಯದು ಇಳುವರಿ ಬಗ್ಗೆ. ಎರಡನೆಯದು ಅದೇ ಹೊಲದ ಗಿಡಗಳಲ್ಲಿ ಎಲೆ ಮುಟುರು ರೋಗದ ಬಗ್ಗೆ, ಅದಕ್ಕೆ ಬೇರೆ ಅಳತೆ, ಬೇರೆ ದಿನಾಂಕ. ಹೊಲ ಅದೇ ಅಂತ ಎರಡನೇ ಪುಟದಲ್ಲೇ ಹೇಳಿದ್ದಾರೆ. ಎರಡನ್ನೂ ಬೇರೆ ಬೇರೆ ಅಂತಲೇ ಎಣಿಸಿದೆ, ಕಾರಣ ವರದಿಯಲ್ಲಿ ಬರೆದೆ.

ವರದಿ ಮೂರೂವರೆ ಪುಟ ಆಯ್ತು. ಅರ್ಹತೆಗೆ ಒಂದು ಪ್ಯಾರಾ: ಹತ್ತು, ಮೂರು. ಹನ್ನೊಂದನೆಯದನ್ನು ಯಾಕೆ ಬಿಟ್ಟೆ ಅನ್ನೋದು ಐದು ಸಾಲು. ಹದಿನಾಲ್ಕು ಜನರ ಪೇಪರ್ ಒಳ್ಳೆಯದು, ಆದರೆ ಅದು ಇವರ ಸಾಮರ್ಥ್ಯದ ಬಗ್ಗೆ ಹೆಚ್ಚೇನೂ ಹೇಳಲ್ಲ ಅಂತ ಒಂದು ವಾಕ್ಯ. ಉಳಿದದ್ದೆಲ್ಲ ಮೂರೇ ಪೇಪರ್ ಬಗ್ಗೆ: ಪ್ರಶ್ನೆ ಏನು, ಹೇಗೆ ಹುಡುಕಿದರು, ಸಿಕ್ಕಿದ್ದೇನು, ಎಲ್ಲಿ ಸೋತರು. ಶೀತಲಗೃಹದ ಪೇಪರ್‌ನಲ್ಲೂ ಒಂದು ಕೊರತೆ ಇದೆ, ಕಡ್ಡಿ ತಳಿಯನ್ನಷ್ಟೇ ನೋಡಿದ್ದಾರೆ, ಡಬ್ಬಿಗೆ ಅದೇ ಮಾತು ಹೇಳೋಕೆ ಬರಲ್ಲ. ಅದನ್ನೂ ಬರೆದೆ. ಕೊನೆಗೆ, ಬಡ್ತಿಗೆ ಶಿಫಾರಸು.

ಸಂದರ್ಶನದ ದಿನ ಆ ಐದು ದಿನದ ಪೇಪರ್ ಬಗ್ಗೆ ಕೇಳಿದೆ. "ನೀವು ಇದನ್ನ ಯಾಕ್ ಹಾಕಿದ್ರಿ, ಮೇಡಂ? ಬಿಟ್ಟಿದ್ರೂ ನಡೀತಿತ್ತಲ್ಲ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹತ್ತಕ್ಕೆ ಸರಿಯಾಗಿ ಹತ್ತು ತಗೊಂಡು ಬಂದ್ರೆ ಯಾರಾದ್ರೂ ಒಂದು ತೆಗೆದುಬಿಟ್ರೆ ಅಂತ ಹೆದರಿಕೆ ಇತ್ತು ಸರ್. ಅದಕ್ಕೆ ದುಡ್ಡು ಕಟ್ಟಿ ಒಂದು ಹಾಕಿಸಿದೆ."

ಆ ಉತ್ತರ ವರದಿಯಲ್ಲಿ ಸೇರಿಸೋಕೆ ಆಗಲಿಲ್ಲ, ಅದಾಗಲೇ ಸಹಿ ಹಾಕಿ ಕೊಟ್ಟಿದ್ದೆ.