ಭಜನಿ ರೆಕಾರ್ಡಿಂಗ್: ಇಡೋದು ಫ್ಲ್ಯಾಕ್, ಕಳಿಸೋದು ಎಂಪಿ3

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಭಜನಿ ಮೇಳದವರು ಕಡಕೋಳ ಮಡಿವಾಳಪ್ಪನ ತತ್ವಪದ ಹಾಡ್ತಾರ. ಅಂಥ ಒಂದು ತಾಸಿನ ಹಾಡಿಕೆಯನ್ನು ರೆಕಾರ್ಡ್ ಮಾಡಿ, ಎಡಿಟಿಂಗೂ ಮುಗಿಸಿದ್ರಿ ಅಂದ್ಕೊಳ್ರಿ. ಈಗ ಅದನ್ನು ಯಾವ ಫಾರ್ಮ್ಯಾಟಿನಲ್ಲಿ ಕಾಪಿಡಬೇಕು?

ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ಫೈಲು ಸುಮಾರು 635 ಎಂಬಿ ಆಗ್ತದ. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿದ್ರೆ ಬರೀ 58 ಎಂಬಿ. ಉಳಿದದ್ದು ಎಲ್ಲಿ ಹೋಯ್ತು? ಕಿವಿಗೆ ಅಷ್ಟಾಗಿ ಗೊತ್ತಾಗಲ್ಲ ಅಂತ ಲೆಕ್ಕ ಹಾಕಿ ಎಂಪಿ3 ಅದನ್ನು ಬಿಸಾಕ್ತದ. ತಾಳದ ಝಣಝಣದಂಥ ಚೂಪು ದನಿಗೆ ಮೊದಲ ಪೆಟ್ಟು. ಮುಂದೆ ಆ ಎಂಪಿ3ಯನ್ನೇ ಎಡಿಟ್ ಮಾಡಿ ಮತ್ತೆ ಎಂಪಿ3 ಆಗಿ ಸೇವ್ ಮಾಡಿದ್ರೆ ಇನ್ನಷ್ಟು ಹೋಗ್ತದ.

ಫ್ಲ್ಯಾಕ್ ಹಂಗಲ್ಲ. ಜಿಪ್ ಫೈಲಿನಂತೆ ಮಡಚಿ ಇಡ್ತದ, ಬಿಚ್ಚಿದಾಗ ಒಂದು ಬಿಟ್ಟೂ ಬದಲಾಗಿರಲ್ಲ. ಗಾತ್ರ ಸಾಮಾನ್ಯವಾಗಿ ವೇವ್‌ನ ಅರ್ಧದ ಆಸುಪಾಸು. ಹಾಗಾಗಿ ಎಡಿಟ್ ಮುಗಿದ ವೇವ್‌ನಿಂದಲೇ ಫ್ಲ್ಯಾಕ್ ಮಾಡಿ ಎರಡು ಬೇರೆ ಡಿಸ್ಕಿನಲ್ಲಿ ಇಡ್ರಿ. ವಾಟ್ಸ್ಯಾಪಿಗೆ ಬೇಕಾದಾಗ ಅದರಿಂದ ಎಂಪಿ3 ತೆಗೀರಿ.

ಆದ್ರೆ ನಿಮ್ಮ ಹತ್ರ ಇರೋದೇ ಎಂಪಿ3 ಆಗಿದ್ರೆ? ಅದನ್ನು ಹಾಗೇ ಇಡ್ರಿ. ಫ್ಲ್ಯಾಕ್ ಮಾಡಿದ್ರೆ ಫೈಲು ಉಬ್ಬುತ್ತದೆಯೇ ಹೊರತು ಹೋದ ದನಿ ವಾಪಸ್ ಬರಲ್ಲ. ಯಾರಾದ್ರೂ ಕೊಟ್ಟ ಫ್ಲ್ಯಾಕ್ ಮೇಲೆ ಅನುಮಾನ ಇದ್ರೆ, ಕಂಪ್ಯೂಟರಿನ ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್ ತೆರೆದು ನೋಡ್ರಿ. ತಾಳ ಬಡಿಯುವಾಗಲೂ 16 ಸಾವಿರ ಹರ್ಟ್ಜ್ ಮೇಲೆ ಕತ್ತರಿಸಿದಂತೆ ಖಾಲಿ ಇದ್ರೆ, ಅದು ಬಹುತೇಕ ಎಂಪಿ3ಯಿಂದ ಬಂದದ್ದೇ.